ಗೇಟು 7.30ಕ್ಕೆ: ಭಾನುವಾರ ರಾತ್ರಿಗೆ ಶೆಡ್ಯೂಲ್ ಮಾಡಿಟ್ಟ ಒಂದು ಹಾಸ್ಟೆಲ್ ಮೆಸೇಜಿನ ಪ್ರಕರಣ

ಡಿಸೆಂಬರ್ 2, ಸೋಮವಾರ ರಾತ್ರಿ ಹನ್ನೊಂದು ಹುಡುಗಿಯರು ತಮ್ಮ ಹಾಸ್ಟೆಲ್ಲಿನ ಗೇಟಿನ ಹೊರಗೆ ಹತ್ತಿರ ಹತ್ತಿರ 25 ನಿಮಿಷ ನಿಂತಿದ್ದರು. ಗೇಟಿಗೆ ಬೀಗ ಬಿದ್ದಿತ್ತು. ರಸ್ತೆಯಲ್ಲಿ ದೀಪ ಇರಲಿಲ್ಲ. ಅವರಲ್ಲಿ ಯಾರೂ ತಡ ಮಾಡಿದವರಲ್ಲ. ಕೋಚಿಂಗ್ ಕ್ಲಾಸಿಗೆ ಹೋಗುವ ಅವರಿಗೆ 8.15ರವರೆಗೆ ಒಳಗೆ ಬರಲು ಅನುಮತಿ ಇತ್ತು. ಆ ಅನುಮತಿ ಇದೆ ಅನ್ನೋದು ವಾರ್ಡನ್‌ಗೆ ಗೊತ್ತಿತ್ತು, ಪ್ರಿನ್ಸಿಪಾಲರಿಗೆ ಗೊತ್ತಿತ್ತು. ಗೇಟಿನಲ್ಲಿದ್ದ ವಾಚ್‌ಮನ್‌ಗೆ ಗೊತ್ತಿರಲಿಲ್ಲ. ಆ ಹುಡುಗಿಯರಿಗೂ ಗೊತ್ತಿರಲಿಲ್ಲ.

ಇದು ತುಮಕೂರು ಕಡೆಯ ಒಂದು ತಾಲ್ಲೂಕು ಊರಿನ ಕಾಲೇಜು ಹಾಸ್ಟೆಲ್. ಹೆಸರು ಬೇಡ. 140 ಹುಡುಗಿಯರಿದ್ದಾರೆ. ಹಾಸ್ಟೆಲ್ ಸಮಿತಿಯಲ್ಲಿ ನಾನೂ ಒಬ್ಬಳಾಗಿದ್ದರಿಂದ ಮೆಸೇಜು, ಹಾಜರಿ ಪುಸ್ತಕ, ಗೇಟಿನ ರಿಜಿಸ್ಟರ್ ಎಲ್ಲ ನೋಡಿದೆ. ಹುಡುಗಿಯರ ಹತ್ತಿರ, ಅಡುಗೆಯ ಅಕ್ಕನ ಹತ್ತಿರ, ವಾಚ್‌ಮನ್ ಹತ್ತಿರ ಕೂತು ಮಾತಾಡಿದೆ. ಕೆಟ್ಟ ಮನಸ್ಸಿನಿಂದ ಯಾರೂ ಏನೂ ಮಾಡಿರಲಿಲ್ಲ. ವಾರ್ಡನ್ ಮೇಡಂ ಅಂತೂ ಮುಂದಾಲೋಚನೆಯಿಂದಲೇ ಕೆಲಸ ಮಾಡಿದ್ದರು. ಭಾನುವಾರ ತಾವು ಊರಲ್ಲಿ ಇರುವುದಿಲ್ಲ ಎಂದು ಶನಿವಾರವೇ ಮೆಸೇಜು ಬರೆದು, ಭಾನುವಾರ ರಾತ್ರಿ ತಾನಾಗಿಯೇ ಹೋಗುವಂತೆ ಇಟ್ಟಿದ್ದರು. ತೊಂದರೆ ಶುರುವಾಗಿದ್ದು ಅಲ್ಲಿಂದಲೇ.

ಸಮಯ ಬದಲಾಯಿಸಬೇಕಾಗಿದ್ದು ಯಾಕೆ

ಎರಡು ಬದಲಾವಣೆಗಳಿದ್ದವು. ಎರಡಕ್ಕೂ ಕಾರಣ ಬೇರೆ ಬೇರೆ.

ಮೊದಲನೆಯದು ಮೆಸ್ಸು. ಹೊಸ ಸೆಮಿಸ್ಟರಿನಲ್ಲಿ ವಿಜ್ಞಾನ ವಿಭಾಗದ ಪ್ರಾಕ್ಟಿಕಲ್‌ಗಳನ್ನು ಬೆಳಿಗ್ಗೆ 8.30ಕ್ಕೆ ಇಟ್ಟರು. ತಿಂಡಿ ಮೊದಲು 7.30ರಿಂದ 9 ಗಂಟೆವರೆಗೆ ಇತ್ತು. ಅದೇ ಸಮಯ ಇಟ್ಟುಕೊಂಡರೆ ಪ್ರಾಕ್ಟಿಕಲ್ ಇರುವವರೆಲ್ಲ ಮೊದಲ ಅರ್ಧ ಗಂಟೆಯಲ್ಲೇ ನುಗ್ಗಬೇಕು. ಹಾಗಾಗಿ ತಿಂಡಿಯನ್ನು 7ರಿಂದ 8.15 ಮಾಡಿದರು. ಬೆಳಿಗ್ಗೆ ಬೇಗ ಬರುವ ಅಡುಗೆಯವರು ರಾತ್ರಿಯೂ ಬೇಗ ಹೋಗಬೇಕಲ್ವಾ? ಅದಕ್ಕೆ 7.45ರಿಂದ 9.15ರವರೆಗೆ ಇದ್ದ ರಾತ್ರಿ ಊಟ 7.15ರಿಂದ 8.30 ಆಯಿತು.

ಎರಡನೆಯದು ಗೇಟು. ಮೊದಲು ರಾತ್ರಿ ಪಾಳಿಯಲ್ಲಿ ಇಬ್ಬರು ವಾಚ್‌ಮನ್ ಇದ್ದರು. ಹೊರಗುತ್ತಿಗೆಯವರು ಒಬ್ಬರನ್ನು ಬೇರೆ ಕಡೆಗೆ ಹಾಕಿದರು. ಉಳಿದವರು ಒಬ್ಬರೇ. ಕತ್ತಲಾದ ಮೇಲೆ ಅವರು ಹಿಂದಿನ ಕಾಂಪೌಂಡ್, ನೀರಿನ ಸಂಪು, ಬಟ್ಟೆ ಒಣಹಾಕುವ ಜಾಗ ಎಲ್ಲ ಒಂದು ಸುತ್ತು ನೋಡಿಬರಬೇಕು. ಆಗ ಗೇಟು ತೆರೆದಿರಬಾರದು. ಡಿಸೆಂಬರಿನಲ್ಲಿ ಸಂಜೆ 6 ಗಂಟೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಆದ್ದರಿಂದ 8 ಗಂಟೆಗೆ ಹಾಕುತ್ತಿದ್ದ ಗೇಟನ್ನು 7.30ಕ್ಕೆ ಹಾಕುವುದು ಎಂದಾಯಿತು. ಇನ್ನೊಬ್ಬ ವಾಚ್‌ಮನ್ ಬರುವವರೆಗೆ ಅಷ್ಟೆ.

ಈ ಎರಡನೇ ಕಾರಣವನ್ನು ಹುಡುಗಿಯರಿಗೆ ಹೇಳಿಯೇ ಇರಲಿಲ್ಲ.

ಹೋದ ಮೆಸೇಜು

ಮೇಡಂ ಬರೆದದ್ದು ಹೀಗಿತ್ತು:

"ಎಲ್ಲಾ ವಿದ್ಯಾರ್ಥಿನಿಯರ ಗಮನಕ್ಕೆ. ಆಡಳಿತಾತ್ಮಕ ಕಾರಣಗಳಿಂದ ನಾಳೆಯಿಂದ ನಿಲಯದ ಊಟ ಹಾಗೂ ಗೇಟ್ ಸಮಯದಲ್ಲಿ ಬದಲಾವಣೆ ಮಾಡಲಾಗಿದ್ದು, ಬೆಳಗಿನ ಉಪಾಹಾರ 7ರಿಂದ 8.15, ರಾತ್ರಿ ಊಟ 7.15ರಿಂದ 8.30 ಹಾಗೂ ಗೇಟನ್ನು 7.30ಕ್ಕೆ ಮುಚ್ಚಲಾಗುವುದು. ತಪ್ಪಿದಲ್ಲಿ ಶಿಸ್ತು ಕ್ರಮ ಜರುಗಿಸಲಾಗುವುದು. ಇಂತಿ, ನಿಲಯ ಮೇಲ್ವಿಚಾರಕಿ."

ಬರೆದದ್ದು ಶನಿವಾರ ಸಂಜೆ 4ಕ್ಕೆ. ಹಾಸ್ಟೆಲ್ಲಿನ ಗುಂಪು ಟೆಲಿಗ್ರಾಂನಲ್ಲಿದೆ. ಅಲ್ಲಿ ಕಳಿಸುವ ಬಾಣದ ಗುರುತನ್ನು ಒತ್ತಿ ಹಿಡಿದರೆ Schedule Message ಎಂದು ಬರುತ್ತದೆ. ದಿನ, ಗಂಟೆ ಹಾಕಿದರೆ ಮುಗಿಯಿತು. ಮೇಡಂ ಭಾನುವಾರ ರಾತ್ರಿ 9 ಗಂಟೆ ಹಾಕಿದರು. ಊರಿಗೆ ಹೋದವರೆಲ್ಲ ಅಷ್ಟೊತ್ತಿಗೆ ವಾಪಸ್ ಬಂದಿರುತ್ತಾರೆ ಎಂಬ ಲೆಕ್ಕ.

ಆಮೇಲೆ ಮಲೆನಾಡಿನ ತಮ್ಮ ಊರಿಗೆ ಮನೆಯ ಮದುವೆಗೆ ಹೊರಟರು. ಅಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಅಪರೂಪ. ಟೆಲಿಗ್ರಾಂನಲ್ಲಿ ಹೀಗೆ ಇಟ್ಟ ಮೆಸೇಜು ಅವರ ಸರ್ವರಿನಲ್ಲಿ ಇರುತ್ತದೆ. ನಮ್ಮ ಫೋನ್ ಆಫ್ ಆಗಿದ್ದರೂ ಹೊತ್ತಿಗೆ ಸರಿಯಾಗಿ ಹೋಗುತ್ತದೆ. ಗೂಗಲ್ ಮೆಸೇಜಸ್ ಆ್ಯಪಿನಲ್ಲಿ ಎಸ್‌ಎಂಎಸ್ ಶೆಡ್ಯೂಲ್ ಮಾಡಿದರೆ ಹಾಗಲ್ಲ. ಆ ಹೊತ್ತಿಗೆ ಫೋನ್ ಆನ್ ಇರಬೇಕು, ನೆಟ್‌ವರ್ಕ್ ಇರಬೇಕು. ಇಲ್ಲದಿದ್ದರೆ ಅದು ಹೋಗುವುದಿಲ್ಲ. ಮೇಡಂ ಟೆಲಿಗ್ರಾಂ ಆರಿಸಿಕೊಂಡದ್ದು ಈ ಲೆಕ್ಕದಲ್ಲಿ ಸರಿಯಾಗಿಯೇ ಇತ್ತು. ಭಾನುವಾರ 9ಕ್ಕೆ ಮೆಸೇಜು ಹೋಯಿತು.

ಶನಿವಾರ 7 ಗಂಟೆಯ ಫೋನ್ ಕರೆ

ಆದರೆ ಮೆಸೇಜು ಬರೆದದ್ದಕ್ಕೂ ಹೋದದ್ದಕ್ಕೂ ನಡುವೆ ಒಂದು ಸಂಗತಿ ನಡೆದಿತ್ತು.

ಹಾಸ್ಟೆಲ್ಲಿನ ಹನ್ನೊಂದು ಹುಡುಗಿಯರು ಊರಿನ ಇನ್ನೊಂದು ತುದಿಯಲ್ಲಿ ಬ್ಯಾಂಕ್ ಪರೀಕ್ಷೆಯ ಕೋಚಿಂಗಿಗೆ ಹೋಗುತ್ತಾರೆ. ಕ್ಲಾಸು ಬಿಡುವುದು 7ಕ್ಕೆ. ಬಸ್ಸು ಹಾಸ್ಟೆಲ್ ಹತ್ತಿರದ ಸರ್ಕಲ್ಲಿಗೆ ಬರುವುದು 7.40ಕ್ಕೆ. ಅಲ್ಲಿಂದ ಐದು ನಿಮಿಷದ ನಡಿಗೆ. ಹೊಸ ಸಮಯ ಕೇಳಿದ ತಕ್ಷಣ ಪ್ರಿನ್ಸಿಪಾಲರಿಗೆ ಇದು ಹೊಳೆಯಿತು. ಶನಿವಾರ 7ರ ಸುಮಾರಿಗೆ ಮೇಡಂಗೆ ಫೋನ್ ಮಾಡಿ, "ಕೋಚಿಂಗ್ ಹೆಣ್ಣುಮಕ್ಕಳಿಗೆ 8.15ರವರೆಗೆ ಬಿಡಿ, ಪತ್ರ ನಾನು ಸೋಮವಾರ ಸಹಿ ಮಾಡಿ ಕಳಿಸ್ತೀನಿ" ಎಂದರು. ಮೇಡಂ "ಆಗಲಿ ಸಾರ್" ಎಂದು ಡೈರಿಯಲ್ಲಿ ಬರೆದುಕೊಂಡರು. ಬಸ್ಸಿನಲ್ಲಿದ್ದರು. ಕಾಯುತ್ತ ಕೂತಿದ್ದ ಮೆಸೇಜಿನ ನೆನಪಾಗಲಿಲ್ಲ.

ನನ್ನ ಪ್ರಕಾರ ಇಡೀ ಪ್ರಕರಣದ ಬೇರು ಇಲ್ಲಿದೆ. ಕೈಯಾರೆ ಕಳಿಸುವ ಮೆಸೇಜನ್ನು ಕಳಿಸುವ ಗಳಿಗೆಯಲ್ಲಿ ಒಮ್ಮೆ ಓದುತ್ತೇವೆ. ಆ ಹೊತ್ತಿಗೆ ಗೊತ್ತಿರುವುದೆಲ್ಲ ಅದರಲ್ಲಿ ಸೇರುತ್ತದೆ. ಶೆಡ್ಯೂಲ್ ಮಾಡಿದ ಮೆಸೇಜಿಗೆ ಆ ಕೊನೆಯ ಓದು ಇಲ್ಲ. ಅದು ಶನಿವಾರ 4 ಗಂಟೆಯ ತಿಳಿವಳಿಕೆಯನ್ನೇ ಭಾನುವಾರ 9ಕ್ಕೆ ಹೇಳುತ್ತದೆ. ನಡುವಿನ 29 ಗಂಟೆಯಲ್ಲಿ ಏನೇ ಬದಲಾದರೂ ಅದಕ್ಕೆ ಗೊತ್ತಿಲ್ಲ.

ತಿದ್ದಲು ದಾರಿ ಇತ್ತು. ಗುಂಪನ್ನು ತೆರೆದರೆ ಟೈಪ್ ಮಾಡುವ ಜಾಗದ ಪಕ್ಕದಲ್ಲಿ ಕ್ಯಾಲೆಂಡರಿನ ಸಣ್ಣ ಗುರುತು ಕಾಣುತ್ತದೆ. ಒತ್ತಿದರೆ ಕಾಯುತ್ತಿರುವ ಮೆಸೇಜು ಬರುತ್ತದೆ. ಅದನ್ನು ತಿದ್ದಬಹುದು, ಗಂಟೆ ಬದಲಾಯಿಸಬಹುದು, ಅಳಿಸಬಹುದು. ಆದರೆ ಗುಂಪಿನಲ್ಲಿ ಅದು ಕಾಣುವುದು ಬರೆದವರಿಗೆ ಮಾತ್ರ. ಸಹಾಯಕ ವಾರ್ಡನ್ ಭಾನುವಾರ ಹಾಸ್ಟೆಲ್ಲಿನಲ್ಲೇ ಇದ್ದರು. ಅವರೂ ಗುಂಪಿನ ಅಡ್ಮಿನ್. ಹೀಗೊಂದು ಮೆಸೇಜು ಸಾಲಿನಲ್ಲಿದೆ ಎಂದು ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಸೋಮವಾರ ಬೆಳಿಗ್ಗೆ, ತಿಂಡಿ ಕೌಂಟರ್

ಗೇಟಿನ ಗಲಾಟೆಯಲ್ಲಿ ಬೆಳಗಿನ ತಿಂಡಿಯ ವಿಷಯ ಹಿಂದೆ ಸರಿಯಿತು. ಆದರೆ ಮೆಸೇಜು ತಲುಪಿಲ್ಲ ಎಂಬುದು ಬೆಳಿಗ್ಗೆಯೇ ಗೊತ್ತಾಗುವಂತಿತ್ತು. ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಆ ದಿನ ಉಪ್ಪಿಟ್ಟು. ಭಾನುವಾರ ರಾತ್ರಿಯ ಹಾಜರಿ 126. ಉಳಿದವರು ಊರಿಂದ ಬೆಳಗಿನ ಬಸ್ಸಿಗೆ ನೇರ ಕಾಲೇಜಿಗೆ ಬರುವವರು. ಅಡುಗೆಯ ಅಕ್ಕ 7ಕ್ಕೆ ಸರಿಯಾಗಿ ಕೌಂಟರ್ ತೆರೆದರು. ಅವರು ಹೇಳಿದ್ದು ಹೀಗೆ: "ಅರ್ಧ ಹೊತ್ತು ಕಳೆದರೆ ಅರ್ಧ ತಟ್ಟೆ ಖಾಲಿ ಆಗಿರ್ತವೆ ಮೇಡಂ. ಅವತ್ತು 7.40 ಆದ್ರೂ ನಲವತ್ತು ತಟ್ಟೆ ಹೋಗಿರ್ಲಿಲ್ಲ. ಹುಡುಗೀರು ಮಲಗವ್ರೆ ಅಂದ್ಕೊಂಡೆ." 8.15ಕ್ಕೆ ಮೇಲಿನವರ ಮಾತಿನಂತೆ ಬಾಗಿಲು ಹಾಕಿ ಪಾತ್ರೆಗೆ ನೀರು ಬಿಟ್ಟರು. 8.20ಕ್ಕೆ ಮೂವತ್ತಕ್ಕೂ ಜಾಸ್ತಿ ಹುಡುಗಿಯರು ತಟ್ಟೆ ಹಿಡಿದು ಬಂದರು. ಡಬ್ಬಿಗೆ ಎತ್ತಿಟ್ಟಿದ್ದ ಉಪ್ಪಿಟ್ಟನ್ನು ಅಕ್ಕ ಮತ್ತೆ ತೆಗೆದು ಹಂಚಿದರು. ಎಲ್ಲರಿಗೂ ಸಾಲಲಿಲ್ಲ. ಕೆಲವರು ಹಾಗೇ ಕಾಲೇಜಿಗೆ ಹೋದರು.

ಹುಡುಗಿಯರನ್ನು ಕೇಳಿದೆ. ಮೂರು ಬಗೆಯ ಉತ್ತರ ಬಂತು.

ಒಂದು ಗುಂಪು ಮೆಸೇಜು ಓದಿದ್ದು ಸೋಮವಾರ ಬೆಳಿಗ್ಗೆ ಎದ್ದ ಮೇಲೆ. ಭಾನುವಾರ ರಾತ್ರಿ 9ಕ್ಕೆ ಅವರು ಬಸ್ಸಿನ ಆಯಾಸದಲ್ಲಿ ಮಲಗಿದ್ದರು, ಇಲ್ಲವೇ ಆ ದಿನದ ಡೇಟಾ ಮುಗಿದಿತ್ತು. ಬೆಳಿಗ್ಗೆ ಓದಿದಾಗ "ನಾಳೆಯಿಂದ" ಎಂದಿತ್ತು. ಸರಿ, ಮಂಗಳವಾರದಿಂದ ಎಂದುಕೊಂಡರು. ಮೇಡಂ ಭಾನುವಾರ ರಾತ್ರಿಯ ಲೆಕ್ಕದಲ್ಲಿ ಬರೆದಿದ್ದರು, ಅದು ತಪ್ಪಲ್ಲ. ಆದರೆ ಓದುವವರು ತಾವು ಓದುವ ದಿನದಿಂದಲೇ ಎಣಿಸುತ್ತಾರೆ. ಬರೆಯುವ ದಿನ, ಹೋಗುವ ದಿನ, ಓದುವ ದಿನ ಮೂರೂ ಬೇರೆ ಆದಾಗ ನಾಳೆ, ಇವತ್ತು, ಮೊನ್ನೆ ಯಾವುದೂ ನಿಲ್ಲುವುದಿಲ್ಲ. ತಾರೀಕು ಮತ್ತು ವಾರ ಎರಡನ್ನೂ ಬರೆಯಬೇಕು. ವಾರ ಯಾಕೆ ಅಂದ್ರೆ, ತಾರೀಕು ತಪ್ಪಾಗಿ ಟೈಪ್ ಆದರೆ ವಾರದ ಜೊತೆ ಹೊಂದದೆ ಅಲ್ಲೇ ಸಿಕ್ಕಿಬೀಳುತ್ತದೆ.

ಎರಡನೇ ಗುಂಪಿಗೆ ಮೆಸೇಜೇ ಬಂದಿರಲಿಲ್ಲ. ಹಾಜರಿ ಪುಸ್ತಕದಲ್ಲಿ 140 ಹೆಸರು. ಟೆಲಿಗ್ರಾಂ ಗುಂಪಿನಲ್ಲೂ ಹೆಚ್ಚು ಕಡಿಮೆ ಅಷ್ಟೇ ಜನ. ನೋಡಿದವರಿಗೆ ಎಲ್ಲ ಸರಿ ಇದೆ ಅನ್ನಿಸಬೇಕು. ಹೆಸರು ಹೆಸರು ತಾಳೆ ನೋಡಿದಾಗ ಕಳೆದ ವರ್ಷ ಬಿಟ್ಟು ಹೋದವರು ಅದರಲ್ಲಿ ಇನ್ನೂ ಇದ್ದರು. ಈ ವರ್ಷ ಸೇರಿದ ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರು ಇರಲೇ ಇಲ್ಲ. ಕೆಲವರ ಹತ್ತಿರ ಕೀಪ್ಯಾಡ್ ಫೋನು.

ಮೂರನೆಯವರು ಓದಿದ್ದರು, ಆದರೆ ಪೂರ್ತಿ ಅಲ್ಲ. ಲಾಕ್ ಆದ ಪರದೆಯ ಮೇಲೆ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ. ಅಲ್ಲಿ ಕಂಡದ್ದು "ಎಲ್ಲಾ ವಿದ್ಯಾರ್ಥಿನಿಯರ ಗಮನಕ್ಕೆ. ಆಡಳಿತಾತ್ಮಕ ಕಾರಣಗಳಿಂದ". ಈ ಸಾಲಿನಿಂದ ಶುರುವಾಗುವ ಮೆಸೇಜು ತಿಂಗಳಿಗೆ ನಾಲ್ಕೈದು ಬರುತ್ತವೆ. ಫೀಸು, ಫೋಟೋ, ಆಧಾರ್ ಪ್ರತಿ. ಆಮೇಲೆ ನೋಡಿದರಾಯಿತು ಎಂದು ಬಿಟ್ಟರು.

ಯಾರು ಓದಿದ್ದಾರೆ ಎಂದು ನೋಡಬಹುದಿತ್ತಲ್ಲ ಎಂದು ಸಮಿತಿಯಲ್ಲಿ ಒಬ್ಬರು ಕೇಳಿದರು. ಟೆಲಿಗ್ರಾಂ ಅದನ್ನು ತೋರಿಸುವುದು 100 ಜನರವರೆಗಿನ ಸಣ್ಣ ಗುಂಪುಗಳಲ್ಲಿ ಮಾತ್ರ, ಅದೂ ಕಳಿಸಿದ 7 ದಿನದವರೆಗೆ. ಈ ಗುಂಪು ಅದಕ್ಕಿಂತ ದೊಡ್ಡದು. ಹಾಗಾಗಿ ಮೆಸೇಜು ತಲುಪಿತೋ ಇಲ್ಲವೋ ಎಂದು ಹೇಳಬಲ್ಲ ಸಾಕ್ಷಿ ಇದ್ದದ್ದು ಅಕ್ಕನ ತಟ್ಟೆಗಳ ಲೆಕ್ಕ ಒಂದೇ. ಆ ಲೆಕ್ಕವನ್ನು ಯಾರಿಗೆ ಹೇಳಬೇಕು ಎಂದು ಅಕ್ಕನಿಗೆ ಯಾರೂ ಹೇಳಿರಲಿಲ್ಲ. 7.40ಕ್ಕೆ ಅವರು ಸಹಾಯಕ ವಾರ್ಡನ್‌ಗೆ ಒಂದು ಮಾತು ಹೇಳಿದ್ದರೆ ಕಾರಿಡಾರಿನಲ್ಲಿ ಬೆಲ್ ಹೊಡೆಸಬಹುದಿತ್ತು. ಸಂಜೆಗೆ ಹನ್ನೆರಡು ಗಂಟೆ ಸಮಯವೂ ಸಿಗುತ್ತಿತ್ತು.

ಸೋಮವಾರ ರಾತ್ರಿ, ಗೇಟು

ವಾಚ್‌ಮನ್ ಕೈಯಲ್ಲಿ ಇದ್ದದ್ದು ಶನಿವಾರ ಮಧ್ಯಾಹ್ನ ಮೇಡಂ ಕೊಟ್ಟ ಚೀಟಿ. "ಸೋಮವಾರದಿಂದ ಗೇಟ್ 8ರ ಬದಲು 7.30" ಎಂದು ಅದರಲ್ಲಿ ಬರೆದಿತ್ತು. ಅವರು ಹಾಗೇ ಮಾಡಿದರು. 7.30ಕ್ಕೆ ಬೀಗ ಹಾಕಿ, ಟಾರ್ಚ್ ಹಿಡಿದು ಹಿಂದಿನ ಕಾಂಪೌಂಡಿಗೆ ಹೋದರು.

ಹುಡುಗಿಯರು 7.45ಕ್ಕೆ ಬಂದರು. ಅವರಲ್ಲಿ ಕೆಲವರು ಮೆಸೇಜು ಓದಿದ್ದರು. ಓದಿದ ಒಬ್ಬಳು ಹೇಳಿದಳು: "ನಮ್ಮನ್ನ ಒಳಗೆ ಬಿಟ್ಟೇ ಬಿಡ್ತಾರೆ ಅಂದ್ಕೊಂಡಿದ್ವಿ ಮಿಸ್, ದಿನಾ ಬರೋರಲ್ವಾ. ಆದ್ರೆ ಕೋಚಿಂಗ್ ಬಿಟ್ಟು ಬರಬೇಕಾ, ಏನು ಅಂತ ಯಾರನ್ನ ಕೇಳೋದು? ಮೇಡಂ ಫೋನ್ ಸಿಗ್ಲಿಲ್ಲ." ಬೆಲ್ ಹೊಡೆದರು. ಹಿಂದಿದ್ದ ವಾಚ್‌ಮನ್‌ಗೆ ಕೇಳಿಸಲಿಲ್ಲ. 8 ದಾಟಿದ ಮೇಲೆ ಅವರು ಬಂದರು. ಬಂದರೂ ತೆರೆಯಲಿಲ್ಲ. "ನೀವು ಒಳಗೆ ಬರಬೇಡಿ ಅಂತ ನಾನೇನು ಹೇಳ್ತಿಲ್ಲ ಕಣವ್ವ, ಮೇಡಂ ಒಂದು ಮಾತು ಹೇಳ್ಲಿ" ಎಂದು ಫೋನ್ ಮಾಡುತ್ತಲೇ ಇದ್ದರು. ಮೆಸೇಜಿನ ಕೊನೆಯಲ್ಲಿ ಶಿಸ್ತು ಕ್ರಮ ಎಂದಿತ್ತಲ್ಲ, ಆ ಭಯ ಹುಡುಗಿಯರಿಗಿಂತ ಅವರಿಗೇ ಜಾಸ್ತಿ ಇತ್ತು. ಕೆಲಸ ಹೊರಗುತ್ತಿಗೆಯದು. ಜೊತೆಯವರನ್ನು ಹಿಂದಿನ ವಾರವಷ್ಟೇ ಇಲ್ಲಿಂದ ತೆಗೆದು ಬೇರೆ ಕಡೆಗೆ ಹಾಕಿದ್ದರು. ಕೊನೆಗೆ ಅಡುಗೆಯ ಅಕ್ಕ ಸದ್ದು ಕೇಳಿ ಬಂದು, "ನಾನು ಹೇಳ್ತೀನಿ, ತೆಗಿಯಣ್ಣ" ಎಂದ ಮೇಲೆ 8.10ಕ್ಕೆ ಗೇಟು ತೆರೆಯಿತು.

ಊಟ ಮುಗಿಯುವುದು 8.30ಕ್ಕೆ. ಮುದ್ದೆ ಆಗಲೇ ಖಾಲಿ. ಅನ್ನ, ಸಾರು ಉಳಿದಿತ್ತು. ಇದು ಎರಡು ಬದಲಾವಣೆಗಳು ಸೇರಿ ಹುಟ್ಟಿಸಿದ ತೊಂದರೆ. 8.15ರ ಅನುಮತಿ ಸರಿಯಾಗಿ ತಲುಪಿದ್ದರೂ, ಬಸ್ಸು ತಡವಾಗಿ 8.15ಕ್ಕೆ ಒಳಗೆ ಬಂದ ದಿನ ಈ ಹುಡುಗಿಯರಿಗೆ ಕೈಕಾಲು ತೊಳೆದು ಉಣ್ಣಲು ಸಿಗುತ್ತಿದ್ದದ್ದು ಹದಿನೈದೇ ನಿಮಿಷ. ಗೇಟಿನ ಸಮಯ ಮತ್ತು ಊಟದ ಸಮಯವನ್ನು ಪಕ್ಕ ಪಕ್ಕ ಇಟ್ಟು ಯಾರೂ ನೋಡಿರಲಿಲ್ಲ.

ಮರುದಿನ ಇನ್ನೊಂದು ಬಗೆಯ ಕರೆಗಳು ಶುರುವಾದವು. ಯಾರೋ ಮೆಸೇಜನ್ನು ನಕಲು ಮಾಡಿ ವಾಟ್ಸ್ಆ್ಯಪ್‌ನಲ್ಲಿ ಮನೆಗೆ ಕಳಿಸಿದ್ದರು. ಹಾಗೆ ನಕಲು ಮಾಡಿದಾಗ ಮೂಲದ ತಾರೀಕು ಉಳಿಯುವುದಿಲ್ಲ. ಮಂಗಳವಾರ ಓದಿದ ತಂದೆತಾಯಿಗೆ "ನಾಳೆಯಿಂದ" ಎಂದರೆ ಬುಧವಾರ. "ಆಡಳಿತಾತ್ಮಕ ಕಾರಣ" ಎಂದರೆ ಏನೋ ಆಗಿದೆ, ಮುಚ್ಚಿಡುತ್ತಿದ್ದಾರೆ. ಒಬ್ಬ ತಂದೆ ಮಗಳನ್ನು ಕರೆದುಕೊಂಡು ಹೋಗಲು ಬಂದೇಬಿಟ್ಟರು. ವಾಚ್‌ಮನ್ ಒಬ್ಬರೇ ಆಗಿದ್ದಾರೆ, ಅದಕ್ಕೆ ಹೀಗೆ ಎಂದು ಹೇಳಿದ ಮೇಲೆ, "ಅದನ್ನೇ ಬರೀಬಾರ್ದಿತ್ತಾ?" ಎಂದು ಟೀ ಕುಡಿದು ಹೋದರು.

ಅವರ ಮಾತು ನನಗೆ ಸರಿ ಕಾಣುತ್ತದೆ. ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಗೇಟು ತಿಂಡಿಯ ಗಂಟೆಯಂಥ ವಿಷಯ ಅಲ್ಲ. 2022ರಲ್ಲಿ ಕೋಝಿಕ್ಕೋಡ್ ಸರ್ಕಾರಿ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿನಿಯರು ರಾತ್ರಿ 9.30ರ ನಂತರದ ನಿರ್ಬಂಧವನ್ನು ಪ್ರಶ್ನಿಸಿ ಕೇರಳ ಹೈಕೋರ್ಟಿಗೇ ಹೋದರು. ಹುಡುಗಿಯರನ್ನು ಮಾತ್ರ ಯಾಕೆ ಕೂಡಿಹಾಕಬೇಕು ಎಂಬ ಪ್ರಶ್ನೆ ಅಲ್ಲಿ ಬಂತು. ಕಾರಣ ಹೇಳದೆ ಅರ್ಧ ಗಂಟೆ ಕಿತ್ತುಕೊಂಡರೆ ನಮ್ಮ ಹುಡುಗಿಯರೂ ಅದೇ ಪ್ರಶ್ನೆ ಕೇಳುತ್ತಾರೆ. ಕೇಳಬೇಕು ಕೂಡ. ಇಲ್ಲಿ ನಿಜವಾದ ಕಾರಣ ಇತ್ತು, ಅದು ತಾತ್ಕಾಲಿಕವೂ ಆಗಿತ್ತು. ಬರೆಯಲು ಒಂದು ಸಾಲು ಸಾಕಿತ್ತು.

ತಿದ್ದಿ ಬರೆದ ಮೆಸೇಜು

ಬುಧವಾರ ಸಮಿತಿ ಕೂತಿತು. ಮೇಡಂ ಬಂದಿದ್ದರು. ಯಾರ ಮೇಲೂ ದೂರು ಬರೆಯುವ ಮಾತು ಬರಲಿಲ್ಲ. ಮೆಸೇಜನ್ನೇ ಮುಂದಿಟ್ಟುಕೊಂಡು ತಿದ್ದಿದೆವು.

ಮೊದಲು ಅದನ್ನು ಎರಡು ಮಾಡಿದೆವು. ಮೆಸ್ಸು ಬೇರೆ, ಗೇಟು ಬೇರೆ. ಯಾಕೆಂದರೆ ತಿಂಡಿ ಸಮಯ ಈ ಸೆಮಿಸ್ಟರ್ ಪೂರ್ತಿ ಇರುತ್ತದೆ, ಗೇಟಿನದು ವಾಚ್‌ಮನ್ ಬಂದ ದಿನ ಬದಲಾಗುತ್ತದೆ. ಒಂದೇ ಮೆಸೇಜಿನಲ್ಲಿದ್ದರೆ ಗೇಟಿನ ಸಮಯ ಬದಲಾದಾಗ ಪೂರ್ತಿ ಮೆಸೇಜೇ ಹಳೆಯದಾಗುತ್ತದೆ. ಹುಡುಗಿಯರು ತಿಂಡಿಯ ಸಮಯವೂ ಬದಲಾಯಿತೇನೋ ಎಂದುಕೊಳ್ಳುತ್ತಾರೆ.

ಗೇಟಿನದು ಹೀಗಾಯಿತು:

"ಗೇಟು ರಾತ್ರಿ 7.30ಕ್ಕೆ ಮುಚ್ಚುತ್ತದೆ. ಡಿಸೆಂಬರ್ 9, ಸೋಮವಾರದಿಂದ.
ರಾತ್ರಿ ಈಗ ಒಬ್ಬರೇ ವಾಚ್‌ಮನ್ ಇದ್ದಾರೆ. ಅವರು ಹಿಂದೆ ಸುತ್ತು ಹೋಗುವಾಗ ಗೇಟು ತೆರೆದಿರಬಾರದು, ಅದಕ್ಕೆ. ಇನ್ನೊಬ್ಬರು ಬಂದ ಮೇಲೆ ಮತ್ತೆ 8 ಗಂಟೆ.
ಕೋಚಿಂಗ್, ಲ್ಯಾಬ್ ಇರುವವರಿಗೆ ರಾತ್ರಿ 8.15ರವರೆಗೆ. ಹೆಸರುಗಳ ಪಟ್ಟಿ ಗೇಟಿನಲ್ಲಿದೆ. ನಿಮ್ಮ ಹೆಸರು ಇಲ್ಲದಿದ್ದರೆ ಶನಿವಾರದೊಳಗೆ ಬರೆಸಿ.
ಬಸ್ಸು ತಡವಾದರೆ ಗೇಟಿನ ಫೋನಿಗೆ ಕರೆ ಮಾಡಿ. ಎಷ್ಟೇ ಹೊತ್ತಾದರೂ ಒಳಗೆ ಬಿಡುತ್ತಾರೆ, ರಿಜಿಸ್ಟರಿನಲ್ಲಿ ಸಹಿ ಮಾಡಿ.
ಡಿಸೆಂಬರ್ 5, ಗುರುವಾರ. ವಾರ್ಡನ್."

ಕೆಳಗೆ ಗೇಟಿನ ನಂಬರ್. ವಾರ್ಡನ್ ಊರಲ್ಲಿ ಇಲ್ಲದಿದ್ದರೂ ಎತ್ತುವ ಫೋನ್ ಅದು.

ಇದರಲ್ಲಿ "ಎಷ್ಟೇ ಹೊತ್ತಾದರೂ ಒಳಗೆ ಬಿಡುತ್ತಾರೆ" ಎಂಬ ಸಾಲಿಗೆ ಸಮಿತಿಯಲ್ಲಿ ಸ್ವಲ್ಪ ಜಗ್ಗಾಟ ಆಯಿತು. ಹೀಗೆ ಬರೆದರೆ ಯಾರೂ ಸಮಯಕ್ಕೆ ಬರುವುದಿಲ್ಲ ಎಂದು ಕೆಲವರು. ಅದೇ ಸಾಲು ಎಲ್ಲಕ್ಕಿಂತ ಮುಖ್ಯ ಎಂದು ನಾನು ಹಟ ಹಿಡಿದೆ. ಹುಡುಗಿಯರು ಬೀದಿಯಲ್ಲಿ ನಿಲ್ಲದಿರಲಿ ಎಂದು ಇಟ್ಟ ಗೇಟು ಅದು. ತಡವಾದವರನ್ನು ಮೊದಲು ಒಳಗೆ ಬಿಡಬೇಕು, ಕೇಳುವುದಿದ್ದರೆ ಒಳಗೆ ಕೂರಿಸಿಕೊಂಡು ಬೆಳಿಗ್ಗೆ ಕೇಳಬಹುದು. ವಾಚ್‌ಮನ್‌ಗೂ ಇದು ಬರಹದಲ್ಲಿ ಬೇಕಿತ್ತು. ಸಾಲು ಉಳಿಯಿತು. ಶಿಸ್ತು ಕ್ರಮದ ಸಾಲು ಹೋಯಿತು. ಅದು ಹಾಸ್ಟೆಲ್ ನಿಯಮದಲ್ಲಿ ಹೇಗೂ ಇದೆ.

ಮೆಸ್ಸಿನದು ಚಿಕ್ಕದು. ಬೆಳಿಗ್ಗೆ, ರಾತ್ರಿ ಎರಡರ ಸಮಯ, ಪ್ರಾಕ್ಟಿಕಲ್ ಕಾರಣ ಎಂದು ಒಂದು ಸಾಲು, ಮತ್ತು ಹೊಸದಾಗಿ ಒಂದು ಸಾಲು: "8.15ರ ಪಟ್ಟಿಯಲ್ಲಿ ಇರುವವರ ಊಟ ಎತ್ತಿಟ್ಟಿರುತ್ತಾರೆ. 9 ಗಂಟೆವರೆಗೆ ಬಡಿಸಿಕೊಳ್ಳಬಹುದು." ಮುದ್ದೆ ಎತ್ತಿಟ್ಟರೆ ಗಟ್ಟಿಯಾಗುತ್ತದೆ, ಅದು ಅಕ್ಕನ ತಕರಾರು. ಸರಿ, ಮುದ್ದೆ ದಿನ ಕೊನೆಯ ಸರದಿಯನ್ನು 8ಕ್ಕೆ ತಿರುವುವುದು, ಹನ್ನೊಂದು ಮುದ್ದೆ ಹಾಟ್‌ಬಾಕ್ಸಿಗೆ ಹಾಕುವುದು ಎಂದು ಅವರೇ ದಾರಿ ಹೇಳಿದರು.

ಮನೆಯವರಿಗೆ ಎಸ್‌ಎಂಎಸ್ ಹೋಗಲಿ ಎಂದಾಯಿತು, ಹಳ್ಳಿಯಲ್ಲಿ ಅದೇ ಗ್ಯಾರಂಟಿ. ಕನ್ನಡದಲ್ಲಿ ಒಂದು ಎಸ್‌ಎಂಎಸ್‌ಗೆ 70 ಅಕ್ಷರ ಮಾತ್ರ, ಇಂಗ್ಲಿಷಿಗೆ 160. ಅದರಲ್ಲೂ ಫೋನು ಒತ್ತು, ಕೊಂಬುಗಳನ್ನು ಬಿಡಿಬಿಡಿಯಾಗಿ ಎಣಿಸುತ್ತದೆ. "ರಾತ್ರಿ" ನಮ್ಮ ಕಣ್ಣಿಗೆ ಎರಡಕ್ಷರ, ಫೋನಿಗೆ ಆರು. 70 ದಾಟಿದರೆ ಮೆಸೇಜು ತುಂಡಾಗಿ ಹೋಗುತ್ತದೆ, ದುಡ್ಡೂ ಅಷ್ಟು ಪಟ್ಟು. ಹಾಗಾಗಿ ಮನೆಯವರಿಗೆ ಗೇಟಿನ ವಿಷಯ ಮಾತ್ರ: "ಡಿ. 9ರಿಂದ ಹಾಸ್ಟೆಲ್ ಗೇಟು ಸಂಜೆ 7.30ಕ್ಕೆ. ವಿವರಕ್ಕೆ ಕರೆ ಮಾಡಿ." ಅದರ ಮುಂದೆ ನಂಬರ್.

ಕಳಿಸಿದ ಬಗೆ

ಈ ಸಲವೂ ಶೆಡ್ಯೂಲ್ ಮಾಡಿಯೇ ಕಳಿಸಿದರು. ಅದನ್ನು ಬಿಡಬೇಕಾಗಿಲ್ಲ. ಮೇಡಂಗೆ ಸಂಜೆ ಹೊತ್ತು ಕೈತುಂಬ ಕೆಲಸ, ಹುಡುಗಿಯರು ಫೋನ್ ನೋಡುವುದೂ ಅದೇ ಹೊತ್ತು. ಆದರೆ ಭಾನುವಾರ ರಾತ್ರಿಗೆ ಅಲ್ಲ. ಗುರುವಾರ ಸಂಜೆ 6.30ಕ್ಕೆ, ಜಾರಿಗೆ ನಾಲ್ಕು ದಿನ ಮುಂಚೆ. ಊರಿಗೆ ಹೋಗುವವರಿಗೆ ಹೊರಡುವ ಮೊದಲೇ ಗೊತ್ತಾಗಲಿ, ಮನೆಯಲ್ಲಿ ಹೇಳಲಿ ಎಂದು. ಭಾನುವಾರ ರಾತ್ರಿ 8ಕ್ಕೆ ಒಂದು ಸಾಲಿನ ನೆನಪೋಲೆ ಇಟ್ಟರು: "ಸೋಮವಾರ ಡಿ. 9: ತಿಂಡಿ ಬೆಳಿಗ್ಗೆ 7ಕ್ಕೆ, ಗೇಟು ರಾತ್ರಿ 7.30ಕ್ಕೆ."

ಕಾಯುತ್ತಿರುವ ಮೆಸೇಜುಗಳ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದು ಸಹಾಯಕ ವಾರ್ಡನ್‌ಗೆ ಕಳಿಸಿದರು. ಡೈರಿಯಲ್ಲಿ ಆ ಗಂಟೆಯ ಎದುರಿಗೆ "ಮೆಸೇಜು ಕಾಯುತ್ತಿದೆ" ಎಂದು ಬರೆದರು. ಸಮಯದ ಬಗ್ಗೆ ಯಾರೇ ಫೋನ್ ಮಾಡಿ ಏನೇ ಹೇಳಿದರೂ ಅದೇ ಪುಟದಲ್ಲಿ ಬರೆಯಬೇಕು, ಬರೆಯುವಾಗ ಈ ಸಾಲು ಕಣ್ಣಿಗೆ ಬೀಳುತ್ತದೆ.

ಇನ್ನೊಂದು ಮುಖ್ಯ ಬದಲಾವಣೆ ಕ್ರಮದ್ದು. ಮೆಸೇಜು ಹುಡುಗಿಯರಿಗೆ ಹೋಗುವ ಮುಂಚೆ ಅದರ ಪ್ರಿಂಟು ಗೇಟಿಗೂ ಅಡುಗೆಮನೆಗೂ ಹೋಗಬೇಕು. ಅವರಿಬ್ಬರೂ ಗುಂಪಿನಲ್ಲಿ ಇಲ್ಲ, ಆದರೆ ಬಾಗಿಲು ಹಾಕುವವರು, ತೆಗೆಯುವವರು ಅವರೇ. ವಾಚ್‌ಮನ್‌ಗೆ ಬೇರೆ ಚೀಟಿ ಕೊಡುವುದನ್ನು ನಿಲ್ಲಿಸಿದರು. ಹುಡುಗಿಯರು ಓದುವ ಹಾಳೆಯೇ ಅವರ ಗೋಡೆಯ ಮೇಲೂ ಇರಬೇಕು. ಒಂದಕ್ಕೊಂದು ಹೊಂದದ ಎರಡು ಬರಹ ಇದ್ದರೆ ಮತ್ತೆ ಅದೇ ಕಥೆ.

ತಲುಪಿದ್ದನ್ನು ನೋಡಲು ಪ್ರತಿ ಕಾರಿಡಾರಿಗೆ ಒಬ್ಬ ಹುಡುಗಿ. ಅವಳ ಕೈಯಲ್ಲಿ ಆ ಕಾರಿಡಾರಿನ ಕೊಠಡಿಗಳ ಪಟ್ಟಿ. ಶುಕ್ರವಾರ ರಾತ್ರಿ ಹಾಜರಿ ಹೊತ್ತಿಗೆ, "ಗೇಟು ಎಷ್ಟೊತ್ತಿಗೆ, ಯಾವತ್ತಿಂದ?" ಎಂದು ಕೇಳಿ ಟಿಕ್ ಹಾಕಿದಳು. "ಮೆಸೇಜು ನೋಡಿದ್ಯಾ?" ಎಂದು ಕೇಳಿದರೆ ಎಲ್ಲರೂ ಹೂಂ ಅಂತಾರೆ. ಗಂಟೆ ಹೇಳು ಅಂದರೆ ಗೊತ್ತಿಲ್ಲದವರು ಅಲ್ಲೇ ಸಿಗುತ್ತಾರೆ. ಕೀಪ್ಯಾಡ್ ಫೋನಿನವರಿಗೆ ಅವಳೇ ಬಾಯಲ್ಲಿ ಹೇಳಿದಳು.

ಡಿಸೆಂಬರ್ 9ರ ಬೆಳಿಗ್ಗೆ ಅರ್ಧ ಹೊತ್ತಿಗೆ ಅಕ್ಕನ ತಟ್ಟೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿಯಾಗಿದ್ದವು. 8.15ರ ನಂತರ ಬಂದವರು ಮೂವರು. ರಾತ್ರಿ ಪಟ್ಟಿಯವರು 7.50ಕ್ಕೆ ಒಳಗೆ ಬಂದರು. ಗುರುವಾರ ಮಾತ್ರ ಸಂತೆ ದಿನ, ಬಸ್ಸು ಸರ್ಕಲ್ ತಲುಪಿದ್ದೇ 8.20ಕ್ಕೆ. ಹುಡುಗಿಯರು ಬಸ್ಸಿನಿಂದಲೇ ಗೇಟಿಗೆ ಫೋನ್ ಮಾಡಿದರು. ವಾಚ್‌ಮನ್ ಸುತ್ತು ಮುಗಿಸಿ ಗೇಟಿನಲ್ಲೇ ಕಾದು ಬಿಟ್ಟುಕೊಂಡರು. ರಿಜಿಸ್ಟರಿನಲ್ಲಿ ಕಾರಣದ ಕಾಲಂನಲ್ಲಿ "ಸಂತೆ ಬಸ್ಸು" ಎಂದಿದೆ.

ಬಗೆಹರಿಯದ್ದು ಒಂದು ಉಳಿದಿದೆ. ಸರ್ಕಲ್ಲಿನಿಂದ ಗೇಟಿನವರೆಗಿನ ರಸ್ತೆಗೆ ದೀಪ ಹಾಕಿಸಲು ಪುರಸಭೆಗೆ ಅರ್ಜಿ ಕೊಟ್ಟಿದ್ದೇವೆ. ಅದಾಗುವವರೆಗೆ ಹನ್ನೊಂದು ಜನರೂ ಒಟ್ಟಿಗೇ ನಡೆದು ಬರಬೇಕು ಎಂದು ಅವರೇ ಮಾತಾಡಿಕೊಂಡಿದ್ದಾರೆ.

ಎರಡನೇ ವಾಚ್‌ಮನ್ ಜನವರಿಯಲ್ಲಿ ಬಂದರು. ಗೇಟು ಮತ್ತೆ 8 ಗಂಟೆಗಾಯಿತು. ಆಗ ಮೇಡಂ ಮೊದಲು ಮಾಡಿದ್ದು ಡಿಸೆಂಬರಿನ ಗೇಟಿನ ಮೆಸೇಜನ್ನು ಅನ್‌ಪಿನ್ ಮಾಡಿ ಹೊಸದನ್ನು ಪಿನ್ ಮಾಡಿದ್ದು. ಹೊಸದರ ಎರಡನೇ ಸಾಲು, "ಡಿಸೆಂಬರ್ 5ರ ಮೆಸೇಜು ಇನ್ನು ಲೆಕ್ಕಕ್ಕಿಲ್ಲ. ತಿಂಡಿ, ಊಟದ ಸಮಯ ಬದಲಾಗಿಲ್ಲ." ಆಮೇಲೆ ನೋಟಿಸ್ ಬೋರ್ಡು, ಗೇಟು, ಅಡುಗೆಮನೆ ಮೂರೂ ಕಡೆಯಿಂದ ಗೇಟಿನ ಹಳೆಯ ಹಾಳೆಯನ್ನು ಕಿತ್ತು ಹೊಸದು ಅಂಟಿಸಿದರು.